ಬ್ಯಾಕ್‌ಲಾಗ್ ಇದ್ದವರು ಡ್ರೈವ್‌ಗೆ ಕೂರಬಹುದೇ? ಕಂಪನಿಯ ರಿಕ್ರೂಟರ್‌ಗೆ ಕೇಳುವ ಕ್ರಮ, ಹಂತ ಹಂತವಾಗಿ

ಪ್ಲೇಸ್‌ಮೆಂಟ್ ನೋಟಿಸ್‌ನಲ್ಲಿ 'ನೋ ಆ್ಯಕ್ಟಿವ್ ಬ್ಯಾಕ್‌ಲಾಗ್ಸ್' ಎಂದು ಕಂಡ ಕೂಡಲೇ ಬಾಕಿ ಪೇಪರ್ ಇರುವವರಲ್ಲಿ ಅರ್ಧ ಜನ ಫಾರ್ಮ್ ತುಂಬುವುದನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಬ್ಯಾಕ್‌ಲಾಗ್ ಕಾಲಂನಲ್ಲಿ ಸೊನ್ನೆ ಹಾಕಿ, ಮುಂದೆ ನೋಡಿಕೊಳ್ಳೋಣ ಎನ್ನುತ್ತಾರೆ. ಮೊದಲನೆಯವರು ಸಿಗಬಹುದಾಗಿದ್ದ ಅವಕಾಶವನ್ನು ತಾವಾಗಿಯೇ ಕೈಬಿಡುತ್ತಾರೆ, ಎರಡನೆಯವರು ಸಿಕ್ಕ ಕೆಲಸವನ್ನೂ ಕಳೆದುಕೊಳ್ಳುವ ದಾರಿ ಹಿಡಿಯುತ್ತಾರೆ. ಕೇಳಿಬಿಡುವುದೇ ಸರಿ. ಆದರೆ 'ಸರ್, ನನಗೆ ಬ್ಯಾಕ್‌ಲಾಗ್ ಇದೆ, ಅಟೆಂಡ್ ಮಾಡಬಹುದಾ?' ಎಂದು ಕೇಳಿದರೆ ನೋಟಿಸ್‌ನಲ್ಲಿರುವ ಸಾಲೇ ಉತ್ತರವಾಗಿ ವಾಪಸ್ ಬರುತ್ತದೆ.

ರಿಕ್ರೂಟರ್‌ನಿಂದ ತಿಳಿಯಬೇಕಾದದ್ದು ಒಂದೇ ವಿಷಯ: ಬಾಕಿ ಪೇಪರ್‌ಗಳ ಲೆಕ್ಕವನ್ನು ಕಂಪನಿ ಯಾವ ದಿನಕ್ಕೆ ತೆಗೆಯುತ್ತದೆ? ರಿಜಿಸ್ಟ್ರೇಶನ್ ದಿನಕ್ಕೋ, ಇಂಟರ್‌ವ್ಯೂ ದಿನಕ್ಕೋ, ಕೆಲಸಕ್ಕೆ ಸೇರುವ ದಿನಕ್ಕೋ? ಈ ಮಾರ್ಗದರ್ಶಿ ಆ ಪ್ರಶ್ನೆಯನ್ನು ಸಿದ್ಧಪಡಿಸಿ, ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವವರೆಗಿನ ಕೆಲಸದ ಬಗ್ಗೆ. ಉದಾಹರಣೆಗೆ ವಿಟಿಯು ಅಡಿಯ ಎಂಜಿನಿಯರಿಂಗ್ ಕಾಲೇಜಿನ ಏಳನೇ ಸೆಮಿಸ್ಟರ್ ವಿದ್ಯಾರ್ಥಿಯನ್ನು ಇಟ್ಟುಕೊಂಡಿದ್ದೇವೆ. ಕರ್ನಾಟಕದಲ್ಲಿ ಈ ಗೊಂದಲ ಹೆಚ್ಚಾಗಿ ಕಾಣುವುದು ಅಲ್ಲೇ.

ಮೊದಲು ನಿಮ್ಮ ಬಾಕಿಯನ್ನು ನೀವೇ ಸರಿಯಾಗಿ ಎಣಿಸಿ

ಇದು ಸುಲಭ ಎನಿಸುತ್ತದೆ, ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ವಿಟಿಯು ರಿಸಲ್ಟ್ ಪುಟದಲ್ಲಿ ಪ್ರತಿ ವಿಷಯದ ಮುಂದೆ ಒಂದು ಅಕ್ಷರ ಇರುತ್ತದೆ: `P` ಎಂದರೆ ಪಾಸ್, `F` ಎಂದರೆ ಫೇಲ್, `A` ಎಂದರೆ ಗೈರು, `W` ಎಂದರೆ ಫಲಿತಾಂಶ ತಡೆಹಿಡಿಯಲಾಗಿದೆ, `NE` ಎಂದರೆ ಪರೀಕ್ಷೆಗೆ ಅರ್ಹತೆ ಇಲ್ಲ. ಒಂದನೇ ಸೆಮಿಸ್ಟರ್‌ನಿಂದ ಇಲ್ಲಿಯವರೆಗಿನ ಎಲ್ಲ ಫಲಿತಾಂಶಗಳನ್ನು ಎದುರಿಗಿಟ್ಟುಕೊಂಡು, `P` ಅಲ್ಲದ ಪ್ರತಿ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಿಷಯದ ಹೆಸರು, ಸೆಮಿಸ್ಟರ್, ಮತ್ತೆ ಪರೀಕ್ಷೆ ಬರೆದಿದ್ದೀರಾ, ಬರೆದಿದ್ದರೆ ಫಲಿತಾಂಶ ಬಂದಿದೆಯಾ ಎಂಬಷ್ಟು ಸಾಕು.

ಬಾಕಿ ಎಂದರೆ ಎಲ್ಲವೂ ಒಂದೇ ಬಗೆಯದಲ್ಲ ಎಂಬುದು ಆ ಹಾಳೆ ನೋಡಿದರೆ ತಿಳಿಯುತ್ತದೆ. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬರಬೇಕು ಎನ್ನುವುದು ಒಂದು ಬಗೆ. ಮುಂದಿನ ಪರೀಕ್ಷೆಯಲ್ಲಿ ಬರೆಯಬೇಕು ಎನ್ನುವುದು ಇನ್ನೊಂದು. ರೀವ್ಯಾಲ್ಯೂಯೇಶನ್‌ಗೆ ಹಾಕಿ ಕಾಯುತ್ತಿರುವುದು ಮತ್ತೊಂದು. ಇವು ಮೂರಕ್ಕೂ ಪುಟದಲ್ಲಿ ಕಾಣುವುದು ಅದೇ `F`. ಆದರೆ ರಿಕ್ರೂಟರ್ ಪಾಲಿಗೆ ಇವುಗಳ ತೂಕ ಬೇರೆ ಬೇರೆ. ಫಲಿತಾಂಶಕ್ಕೆ ಕಾಯುತ್ತಿರುವ ಪೇಪರ್ ಕೆಲವೇ ವಾರಗಳಲ್ಲಿ ಹೋಗಿಬಿಡಬಹುದು. ಹಾಗಂತ ಕೈಗೆ ಫಲಿತಾಂಶ ಬರುವವರೆಗೂ ಅದು ಬಾಕಿಯೇ, ಅದನ್ನು ಪಾಸ್ ಎಂದು ಎಣಿಸುವಂತಿಲ್ಲ. ರೀವ್ಯಾಲ್ಯೂಯೇಶನ್‌ಗೂ ಇದೇ ಮಾತು.

`NE` ಇದ್ದರೆ ಹೆಚ್ಚು ಎಚ್ಚರ ಬೇಕು. ವಿಟಿಯು 2022ರ ಸ್ಕೀಮಿನ ಥಿಯರಿ ವಿಷಯದಲ್ಲಿ ಕಾಲೇಜಿನ ಆಂತರಿಕ ಮೌಲ್ಯಮಾಪನವಾದ ಸಿಐಇಯಲ್ಲಿ 50ಕ್ಕೆ 20, ಸೆಮಿಸ್ಟರ್ ಕೊನೆಯ ಪರೀಕ್ಷೆಯಾದ ಎಸ್‌ಇಇಯಲ್ಲಿ 50ಕ್ಕೆ 18, ಎರಡೂ ಸೇರಿ 100ಕ್ಕೆ 40 ಬರಬೇಕು. ಸಿಐಇಯಲ್ಲೇ 20 ಬಾರದಿದ್ದರೆ ಎಸ್‌ಇಇ ಬರೆಯಲು ಬಿಡುವುದಿಲ್ಲ. ಅಂದರೆ ಆ ಪೇಪರ್ ಬರೀ ಮತ್ತೊಂದು ಪರೀಕ್ಷೆಯಿಂದ ತೀರುವುದಿಲ್ಲ, ಸಿಐಇಯನ್ನೇ ಮತ್ತೆ ದಕ್ಕಿಸಿಕೊಳ್ಳಬೇಕು. ಅದು ಯಾವಾಗ ಸಾಧ್ಯ ಎಂದು ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳದೆ 'ಸೇರುವಷ್ಟರಲ್ಲಿ ಕ್ಲಿಯರ್ ಮಾಡುತ್ತೇನೆ' ಎಂದು ರಿಕ್ರೂಟರ್‌ಗೆ ಮಾತು ಕೊಡಬೇಡಿ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಒಂದು ಪೇಪರ್ ಮರೆಯುವುದುಂಟು. ಬ್ರಿಜ್ ಗಣಿತದಂಥ ನಾನ್‌-ಕ್ರೆಡಿಟ್ ಕಡ್ಡಾಯ ವಿಷಯ ಸಿಜಿಪಿಎಗೆ ಸೇರುವುದಿಲ್ಲ, ಹಾಗಾಗಿ ಅದು ಬ್ಯಾಕ್‌ಲಾಗ್ ಅಲ್ಲ ಎಂದುಕೊಳ್ಳುತ್ತಾರೆ. ಆದರೆ ಅದು ಪಾಸಾಗದೆ ಡಿಗ್ರಿ ಸಿಗುವುದಿಲ್ಲ, ಮಾರ್ಕ್ಸ್ ಕಾರ್ಡ್ ಪರಿಶೀಲಿಸುವವರು `F` ಕಂಡರೆ ಅದನ್ನೂ ಎಣಿಸುತ್ತಾರೆ. ಹಾಳೆಯಲ್ಲಿ ಅದೂ ಇರಲಿ.

ನೋಟಿಸ್‌ನ ಸಾಲು ಏನು ಹೇಳುತ್ತಿದೆ

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೋಆರ್ಡಿನೇಟರ್ ಹಾಕುವ ಸಾರಾಂಶವನ್ನು ನಂಬಿ ಕೂರಬೇಡಿ. 'ನೋ ಬ್ಯಾಕ್‌ಲಾಗ್ಸ್ ಅಟ್ ದ ಟೈಮ್ ಆಫ್ ಜಾಯ್ನಿಂಗ್' ಎಂದು ಕಂಪನಿ ಬರೆದದ್ದು ಗ್ರೂಪಿಗೆ ಬರುವಷ್ಟರಲ್ಲಿ 'ನೋ ಬ್ಯಾಕ್‌ಲಾಗ್ಸ್' ಎಂದಾಗಿರುವುದು ತೀರಾ ಸಾಮಾನ್ಯ. ಪ್ಲೇಸ್‌ಮೆಂಟ್ ಆಫೀಸಿಗೆ ಕಂಪನಿ ಕಳಿಸಿದ ಮೂಲ ಮೇಲ್ ಅಥವಾ ಜಾಬ್ ಡಿಸ್ಕ್ರಿಪ್ಶನ್ ನೋಡಲು ಕೇಳಿ. ಉಳಿದ ಅರ್ಧ ಸಾಲು ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.

'ಅಟ್ ದ ಟೈಮ್ ಆಫ್ ಜಾಯ್ನಿಂಗ್' ಎಂದಿದ್ದರೆ ಬಾಗಿಲು ತೆರೆದಿದೆ, ರಿಕ್ರೂಟರ್‌ಗೆ ಕೇಳುವ ಅಗತ್ಯವೂ ಇಲ್ಲ, ಬಾಕಿಯ ಸಂಖ್ಯೆಯನ್ನು ಇದ್ದಹಾಗೆ ತುಂಬಿ ಕುಳಿತುಕೊಳ್ಳಿ. 'ಅಟ್ ದ ಟೈಮ್ ಆಫ್ ಇಂಟರ್‌ವ್ಯೂ' ಎಂದಿದ್ದರೆ ನಿಮ್ಮ ಫಲಿತಾಂಶ ಯಾವಾಗ ಬರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕೇಳಬೇಕಾದ ಪ್ರಶ್ನೆಯೂ ಅದರ ಸುತ್ತಲೇ. 'ಮ್ಯಾಕ್ಸಿಮಮ್ ಒನ್ ಆ್ಯಕ್ಟಿವ್ ಬ್ಯಾಕ್‌ಲಾಗ್' ಎಂದು ಸಂಖ್ಯೆ ಹಾಕಿರುವ ಕಂಪನಿಗಳೂ ಉಂಟು. ಟಿಸಿಎಸ್‌ನ ಹೊಸಬರ ನೇಮಕಾತಿ ನಿಯಮಗಳಲ್ಲಿ ಆಯ್ಕೆ ಪ್ರಕ್ರಿಯೆಯ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಬಾಕಿ ಇರಬಾರದು, ಇದ್ದದ್ದನ್ನು ಕೋರ್ಸಿನ ನಿಗದಿತ ಅವಧಿಯೊಳಗೆ ಮುಗಿಸಬೇಕು ಎಂಬ ಷರತ್ತು ಬಂದದ್ದಿದೆ. ಅಂಥಲ್ಲಿ ಎರಡು ಬಾಕಿ ಇದ್ದು ಒಂದರ ಫಲಿತಾಂಶ ಹೊರಬೀಳಬೇಕಿದ್ದರೆ ಕೇಳುವುದಕ್ಕೆ ಅರ್ಥವಿದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಸೀನಿಯರ್‌ಗಳ ಕಾಲದ ಷರತ್ತನ್ನು ಈ ವರ್ಷಕ್ಕೆ ಹಾಕಿಕೊಳ್ಳಬೇಡಿ.

'ನೋ ಹಿಸ್ಟರಿ ಆಫ್ ಬ್ಯಾಕ್‌ಲಾಗ್ಸ್' ಎಂದಿದ್ದರೆ ಅದು ಬೇರೆಯೇ ಬೇಲಿ. ಒಮ್ಮೆ ಫೇಲಾಗಿ ಆಮೇಲೆ ಪಾಸಾದವರೂ ಅದರಿಂದ ಹೊರಗೆ. ಈಗಲೂ ಬಾಕಿ ಇಟ್ಟುಕೊಂಡವರು ಅಲ್ಲಿ ಕೇಳಿ ಪ್ರಯೋಜನವಿಲ್ಲ, ಆ ಹೊತ್ತನ್ನು ಓದಿಗೆ ಕೊಡಿ. ಪ್ರಶ್ನೆ ನಿಜಕ್ಕೂ ಕೆಲಸಕ್ಕೆ ಬರುವುದು ದಿನ, ಸಂಖ್ಯೆ ಎರಡೂ ಇಲ್ಲದೆ ಬರೀ 'ನೋ ಆ್ಯಕ್ಟಿವ್ ಬ್ಯಾಕ್‌ಲಾಗ್ಸ್' ಎಂದು ಬಿಟ್ಟಿರುವಲ್ಲಿ. ಹೀಗೆ ಬಿಟ್ಟಿರುವುದು ಎಷ್ಟೋ ಸಲ ಬೇಕೆಂದೇ ಅಲ್ಲ, ಹಳೆಯ ನೋಟಿಸ್‌ನ ಸಾಲನ್ನು ಹಾಗೇ ಹಾಕಿರುತ್ತಾರೆ.

ಇದರ ಜೊತೆಗೆ ಶೇಕಡಾವಾರು ಅಂಕದ ಷರತ್ತನ್ನೂ ನೋಡಿಕೊಳ್ಳಿ. ಹತ್ತನೇ ತರಗತಿ, ಪಿಯುಸಿ ಅಥವಾ ಡಿಪ್ಲೊಮಾ, ಡಿಗ್ರಿ ಮೂರರಲ್ಲೂ 60 ಕೇಳಿದ್ದು ನಿಮಗೆ ಪಿಯುಸಿಯಲ್ಲಿ 57 ಇದ್ದರೆ, ಬ್ಯಾಕ್‌ಲಾಗ್ ವಿಷಯದಲ್ಲಿ ಒಪ್ಪಿಗೆ ಸಿಕ್ಕರೂ ಹೆಸರು ಪಟ್ಟಿಗೆ ಬರುವುದಿಲ್ಲ. ಎರಡು ಷರತ್ತಿನಲ್ಲೂ ಸಡಿಲಿಕೆ ಕೇಳುವ ಮೇಲ್‌ಗೆ ಒಪ್ಪಿಗೆ ಸಿಗುವ ಸಂಭವ ತೀರಾ ಕಡಿಮೆ.

ರಿಕ್ರೂಟರ್‌ಗಿಂತ ಮೊದಲು ಪ್ಲೇಸ್‌ಮೆಂಟ್ ಆಫೀಸರ್

ಈ ಹಂತ ದಾಟಿ ಹೋಗಬಾರದು ಎನ್ನುವುದಕ್ಕೆ ಕಾರಣ ಮರ್ಯಾದೆ ಮಾತ್ರವಲ್ಲ, ಪಟ್ಟಿ ತಯಾರಾಗುವ ರೀತಿಯೇ ಹಾಗಿದೆ. ಅಂತಿಮ ವರ್ಷದವರೆಲ್ಲರ ಯುಎಸ್‌ಎನ್, ಅಂಕ, ಸೆಮಿಸ್ಟರ್‌ವಾರು ಎಸ್‌ಜಿಪಿಎ, ಬಾಕಿ ಪೇಪರ್ ಸಂಖ್ಯೆ ಇವೆಲ್ಲ ಪ್ಲೇಸ್‌ಮೆಂಟ್ ಆಫೀಸಿನ ಎಕ್ಸೆಲ್ ಹಾಳೆಯಲ್ಲಿರುತ್ತವೆ. ಕಂಪನಿಯ ಷರತ್ತು ಬಂದ ಕೂಡಲೇ ಆ ಹಾಳೆಗೆ ಫಿಲ್ಟರ್ ಹಾಕಿ, ಉಳಿದ ಹೆಸರುಗಳನ್ನು ಕಂಪನಿಗೆ ಕಳಿಸುತ್ತಾರೆ. ಆನ್‌ಲೈನ್ ಟೆಸ್ಟ್‌ನ ಲಿಂಕ್ ಹೋಗುವುದು ಆ ಪಟ್ಟಿಯಲ್ಲಿರುವ ಮೇಲ್ ಐಡಿಗಳಿಗೆ. ರಿಕ್ರೂಟರ್ ಬಾಯಿಮಾತಿನಲ್ಲಿ 'ಸರಿ, ಬನ್ನಿ' ಎಂದರೂ ಆ ಹಾಳೆಯಲ್ಲಿ ನಿಮ್ಮ ಸಾಲು ಫಿಲ್ಟರ್ ಆಗಿದ್ದರೆ ಲಿಂಕ್ ಬರುವುದೇ ಇಲ್ಲ.

ಜೊತೆಗೆ ಕೆಲವು ಕಾಲೇಜುಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ಕಂಪನಿ ಒಂದು ಬಾಕಿಗೆ ಅವಕಾಶ ಕೊಟ್ಟರೂ ಕಾಲೇಜು ಕೊಡದೆ ಇರಬಹುದು. ಯಾರ ನಿಯಮ ನಿಮ್ಮನ್ನು ತಡೆಯುತ್ತಿದೆ ಎಂದು ಗೊತ್ತಿಲ್ಲದೆ ಕಂಪನಿಗೆ ಮೇಲ್ ಹಾಕಿದರೆ ತೆರೆಯದ ಬಾಗಿಲನ್ನು ತಟ್ಟಿದಂತೆ. ಹಾಗಾಗಿ ಆಫೀಸರ್ ಬಳಿ ಹೋಗಿ ಇಷ್ಟು ಕೇಳಿ:

'ಸರ್, ಈ ಡ್ರೈವ್‌ಗೆ ನೋ ಆ್ಯಕ್ಟಿವ್ ಬ್ಯಾಕ್‌ಲಾಗ್ಸ್ ಅಂತ ಇದೆ. ಇದು ಕಂಪನಿಯವರು ಹಾಕಿದ್ದಾ, ನಮ್ಮ ಕಾಲೇಜಿನ ರೂಲಾ? ಕಂಪನಿಯದ್ದಾದರೆ ಯಾವ ದಿನಕ್ಕೆ ಲೆಕ್ಕ ಹಾಕ್ತಾರೆ ಅಂತ ಅವರಿಗೆ ಒಂದು ಮೇಲ್ ಹಾಕಬಹುದಾ? ನೀವೇ ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ನಿಮ್ಮನ್ನು ಸಿಸಿಯಲ್ಲಿಟ್ಟು ನಾನು ಹಾಕ್ತೀನಿ.'

ಆಫೀಸರ್ ತಾವೇ ಕೇಳಲು ಒಪ್ಪಿದರೆ ಅದೇ ಅತ್ಯುತ್ತಮ ದಾರಿ. ಒಂದೇ ಕಾಲೇಜಿನಿಂದ ಇಪ್ಪತ್ತು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅದೇ ಪ್ರಶ್ನೆ ಕಳಿಸಿದರೆ ರಿಕ್ರೂಟರ್ ಯಾರಿಗೂ ಉತ್ತರಿಸದೆ ಕಾಲೇಜಿಗೆ ಫೋನ್ ಮಾಡುತ್ತಾರೆ, ಆ ಫೋನ್ ಯಾರಿಗೂ ಒಳ್ಳೆಯದು ಮಾಡುವುದಿಲ್ಲ. ಅದರ ಬದಲು 'ಉಳಿದೆಲ್ಲ ಷರತ್ತು ಪೂರೈಸುವ, ಒಂದೇ ಬಾಕಿ ಇರುವ ಆರು ಜನ, ಫಲಿತಾಂಶಕ್ಕೆ ಕಾಯುತ್ತಿರುವ ನಾಲ್ಕು ಜನ ಇದ್ದಾರೆ, ಇವರನ್ನು ಸೇರಿಸಬಹುದೇ?' ಎಂದು ಕಾಲೇಜಿನಿಂದ ಒಂದೇ ಮೇಲ್ ಹೋದರೆ ಕಂಪನಿಯವರಿಗೆ ನಿರ್ಧರಿಸಲು ಸುಲಭ. ನಿಮ್ಮ ಬ್ಯಾಚಿನಲ್ಲಿ ಇಂಥವರು ಯಾರ್ಯಾರಿದ್ದಾರೆ ಎಂದು ಲೆಕ್ಕ ಮಾಡಿಕೊಂಡೇ ಆಫೀಸರ್ ಬಳಿ ಹೋಗಿ, ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಮೇಲ್: ಯಾರಿಗೆ, ಯಾವಾಗ, ಏನು

ನೀವೇ ಬರೆಯಬೇಕಾಗಿ ಬಂದರೆ ಸರಿಯಾದ ವ್ಯಕ್ತಿಗೆ ಬರೆಯಿರಿ. ನಿಮಗೆ ಬೇಕಾದವರು ಕಂಪನಿಯ ಕ್ಯಾಂಪಸ್ ನೇಮಕಾತಿ ತಂಡದವರು, ಅಂದರೆ ಕಾಲೇಜಿನ ಜೊತೆ ದಿನಾಂಕ ಗೊತ್ತು ಮಾಡಿದವರು. ಟೆಸ್ಟ್ ನಡೆಸಿಕೊಡುವ ಸಂಸ್ಥೆಯ ಹೆಲ್ಪ್‌ಲೈನ್‌ನವರಿಗೆ ಲಾಗಿನ್ ಸಮಸ್ಯೆ ಬಿಡಿಸಲು ಬರುತ್ತದೆ, ಅರ್ಹತೆ ಅವರ ಕೈಯಲ್ಲಿಲ್ಲ. ಡ್ರೈವ್ ದಿನ ಬರುವ ಟೆಕ್ನಿಕಲ್ ಪ್ಯಾನೆಲ್‌ನವರಿಗೂ ಅಷ್ಟೇ. 'ಬನ್ನಿ, ಪರವಾಗಿಲ್ಲ' ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು, ಆದರೆ ಆ ಮಾತು ಕಡತಕ್ಕೆ ಹೋಗುವುದಿಲ್ಲ.

ರಿಜಿಸ್ಟ್ರೇಶನ್ ಮುಗಿಯುವುದಕ್ಕೆ ಕನಿಷ್ಠ ಮೂರು ಕೆಲಸದ ದಿನ ಇರುವಂತೆ ಕಳಿಸಿ. ಕೊನೆಯ ಸಂಜೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಪಟ್ಟಿ ಹೋಗಿರುತ್ತದೆ.

ಇನ್ನು ಒಂದು ಪ್ರಕರಣವನ್ನು ಪೂರ್ತಿ ನೋಡೋಣ. ಕಂಪ್ಯೂಟರ್ ಸೈನ್ಸ್‌ನ ಏಳನೇ ಸೆಮಿಸ್ಟರ್ ವಿದ್ಯಾರ್ಥಿನಿ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಕಂಪನಿ ಕೇಳಿದ 60ಕ್ಕಿಂತ ಮೇಲಿದ್ದಾಳೆ. ಎರಡು ಬಾಕಿ. ನಾಲ್ಕನೇ ಸೆಮಿಸ್ಟರ್‌ನ ಒಂದು ವಿಷಯದಲ್ಲಿ ಸಿಐಇ 34, ಎಸ್‌ಇಇ 14. ಒಟ್ಟು 48 ಆದರೂ ಎಸ್‌ಇಇ 18 ಮುಟ್ಟದ ಕಾರಣ `F`. ಅದನ್ನು ಆರನೇ ಸೆಮಿಸ್ಟರ್ ಪರೀಕ್ಷೆಯ ಜೊತೆ ಮತ್ತೆ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ. ಐದನೇ ಸೆಮಿಸ್ಟರ್‌ನ ಇನ್ನೊಂದು ವಿಷಯವನ್ನು ಏಳನೇ ಸೆಮಿಸ್ಟರ್ ಪರೀಕ್ಷೆಯ ಜೊತೆ ಬರೆಯಬೇಕು. ಕಂಪನಿಯ ನೋಟಿಸ್‌ನಲ್ಲಿ ಬರೀ 'ನೋ ಆ್ಯಕ್ಟಿವ್ ಬ್ಯಾಕ್‌ಲಾಗ್ಸ್'. ರಿಜಿಸ್ಟ್ರೇಶನ್ ಈ ವಾರ, ಇಂಟರ್‌ವ್ಯೂ ಮೂರು ವಾರದ ಮೇಲೆ, ಸೇರುವುದು ಎಂಟನೇ ಸೆಮಿಸ್ಟರ್ ಮುಗಿದ ಮೇಲೆ.

ಅವಳ ಲೆಕ್ಕ ಹೀಗೆ: ರಿಜಿಸ್ಟ್ರೇಶನ್ ದಿನ ಎರಡು, ಇಂಟರ್‌ವ್ಯೂ ದಿನ ಫಲಿತಾಂಶ ಬಂದು ಪಾಸಾಗಿದ್ದರೆ ಒಂದು, ಇಲ್ಲದಿದ್ದರೆ ಎರಡೇ, ಏಳನೇ ಸೆಮಿಸ್ಟರ್ ಪರೀಕ್ಷೆಯಲ್ಲೂ ಪಾಸಾದರೆ ಸೇರುವ ದಿನ ಸೊನ್ನೆ. ಇದೇ ಲೆಕ್ಕ ಮೇಲ್‌ನ ಬೆನ್ನೆಲುಬು. ಮೇಲ್ ಇಂಗ್ಲಿಷ್‌ನಲ್ಲೇ ಹೋಗಬೇಕಾಗುತ್ತದೆ. ಒಕ್ಕಣೆ ಇಲ್ಲಿ ಕನ್ನಡದಲ್ಲಿದೆ, ವಾಕ್ಯಗಳ ಕ್ರಮ ಬದಲಿಸದೆ ಇಂಗ್ಲಿಷ್‌ಗೆ ಇಳಿಸಿಕೊಳ್ಳಿ.

*ವಿಷಯ: ಬ್ಯಾಕ್‌ಲಾಗ್ ಅರ್ಹತೆ ಕುರಿತು ಸ್ಪಷ್ಟನೆ, (ಕಾಲೇಜಿನ ಹೆಸರು), (ಡ್ರೈವ್ ದಿನಾಂಕ), (ಯುಎಸ್‌ಎನ್)*

*ಮಾನ್ಯರೇ,*

*ನಾನು (ಕಾಲೇಜು), ಕಂಪ್ಯೂಟರ್ ಸೈನ್ಸ್ ವಿಭಾಗದ ಏಳನೇ ಸೆಮಿಸ್ಟರ್ ವಿದ್ಯಾರ್ಥಿನಿ. (ಹುದ್ದೆಯ ಹೆಸರು) ಡ್ರೈವ್‌ಗೆ ಸಂಬಂಧಿಸಿ ಒಂದು ಸ್ಪಷ್ಟನೆ ಬೇಕಾಗಿದೆ. ಅಂಕಗಳ ಷರತ್ತನ್ನು ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಪೂರೈಸುತ್ತೇನೆ.*

*ಇಂದಿಗೆ ನನ್ನ ಬಾಕಿ ಪೇಪರ್ ಎರಡು. ನಾಲ್ಕನೇ ಸೆಮಿಸ್ಟರ್‌ನದ್ದನ್ನು ಮತ್ತೆ ಬರೆದಿದ್ದೇನೆ, ಫಲಿತಾಂಶ ಬರಬೇಕಿದೆ. ಐದನೇ ಸೆಮಿಸ್ಟರ್‌ನದ್ದನ್ನು ಏಳನೇ ಸೆಮಿಸ್ಟರ್ ಪರೀಕ್ಷೆಯೊಂದಿಗೆ ಬರೆಯುತ್ತೇನೆ, ಅಂದರೆ ಸೇರುವ ದಿನಾಂಕಕ್ಕೆ ಮೊದಲೇ.*

*ನೋಟಿಸ್‌ನಲ್ಲಿರುವ ಬ್ಯಾಕ್‌ಲಾಗ್ ಷರತ್ತು ಆಯ್ಕೆ ಪ್ರಕ್ರಿಯೆಯ ದಿನಕ್ಕೆ ಅನ್ವಯಿಸುತ್ತದೆಯೇ, ಸೇರುವ ದಿನಕ್ಕೆ ಅನ್ವಯಿಸುತ್ತದೆಯೇ? ಆಯ್ಕೆ ಪ್ರಕ್ರಿಯೆಯ ದಿನಕ್ಕಾದರೆ, ಆ ದಿನ ಒಂದು ಬಾಕಿ ಇದ್ದರೂ ಭಾಗವಹಿಸಬಹುದೇ?*

*ನಮ್ಮ ಪ್ಲೇಸ್‌ಮೆಂಟ್ ಆಫೀಸರ್ ಅವರನ್ನು ಸಿಸಿಯಲ್ಲಿ ಸೇರಿಸಿದ್ದೇನೆ. ಇತ್ತೀಚಿನ ಫಲಿತಾಂಶದ ಪ್ರತಿ ಲಗತ್ತಿಸಿದೆ.*

ಎರಡನೇ ಪ್ಯಾರಾದಲ್ಲಿ ಸಂಖ್ಯೆ ನೇರವಾಗಿ ಇದೆ ನೋಡಿ. 'ಕೆಲವು ಪೇಪರ್‌ಗಳು ಉಳಿದಿವೆ' ಎಂದಿದ್ದರೆ ಓದಿದವರು ನಾಲ್ಕೋ ಐದೋ ಇರಬೇಕು ಎಂದೇ ಊಹಿಸುತ್ತಾರೆ. ಯಾಕೆ ಫೇಲಾಯಿತು ಎಂಬ ವಿವರಣೆ ಇಲ್ಲ. ಅನಾರೋಗ್ಯ, ಮನೆಯ ತೊಂದರೆ ಇವು ನಿಜವೇ ಇದ್ದರೂ ಅರ್ಹತೆಯ ನಿರ್ಧಾರ ಅವುಗಳ ಮೇಲೆ ನಡೆಯುವುದಿಲ್ಲ, ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳಲು ಅವಕಾಶ ಇದ್ದೇ ಇದೆ. 'ದಯವಿಟ್ಟು ಒಂದು ಅವಕಾಶ ಕೊಡಿ' ಎಂಬ ಸಾಲೂ ಬೇಡ, ಅದು ಸ್ಪಷ್ಟನೆ ಕೇಳುವ ಮೇಲನ್ನು ವಿನಾಯಿತಿ ಬೇಡುವ ಮೇಲನ್ನಾಗಿ ಮಾಡುತ್ತದೆ. ಸ್ಪಷ್ಟನೆ ಕೊಡುವುದು ರಿಕ್ರೂಟರ್‌ಗೆ ತಾನೇ ಮಾಡಬಹುದಾದ ಕೆಲಸ, ವಿನಾಯಿತಿಗೆ ಸಾಮಾನ್ಯವಾಗಿ ಮೇಲಿನವರ ಒಪ್ಪಿಗೆ ಬೇಕು.

ಎರಡು ಪ್ರಶ್ನೆಗಳಿಗೂ ಒಂದೊಂದು ಮಾತಿನಲ್ಲಿ ಉತ್ತರ ಕೊಡಬಹುದು ಎಂಬುದನ್ನೂ ಗಮನಿಸಿ. 'ಸೇರುವ ದಿನಕ್ಕೆ' ಎಂದಷ್ಟೇ ಮೊಬೈಲ್‌ನಿಂದ ಟೈಪ್ ಮಾಡಿ ಕಳಿಸಬಹುದಾದರೆ ಉತ್ತರ ಬರುತ್ತದೆ. ಯೋಚಿಸಿ ಬರೆಯಬೇಕಾದರೆ ಮೇಲ್ ಪಕ್ಕಕ್ಕೆ ಸರಿಯುತ್ತದೆ.

ಎರಡು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಆಗಿ ಒಂದೇ ಸಾಲು ಕಳಿಸಿ: ರಿಜಿಸ್ಟ್ರೇಶನ್ ಇಂಥ ದಿನ ಮುಗಿಯುತ್ತದೆ, ಸ್ಪಷ್ಟನೆಗಾಗಿ ಕಾಯುತ್ತಿದ್ದೇನೆ. ಆಮೇಲೂ ಬಾರದಿದ್ದರೆ ಆಫೀಸರ್‌ಗೆ ಹೇಳಿ ಅವರಿಂದ ಫೋನ್ ಮಾಡಿಸಿ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕುವುದು, ಅವರ ಸ್ವಂತ ನಂಬರ್ ಪತ್ತೆ ಮಾಡಿ ಕರೆ ಮಾಡುವುದು ಬೇಡ. ಆಫ್‌-ಕ್ಯಾಂಪಸ್ ನೇಮಕಾತಿಗೆ ಕಾಲೇಜು ನಡುವೆ ಇರುವುದಿಲ್ಲ, ಅಲ್ಲಿ ಲಿಂಕ್ಡ್‌ಇನ್ ಸರಿ. ಕ್ಯಾಂಪಸ್ ಡ್ರೈವ್‌ನಲ್ಲಿ ಅದು ಕಾಲೇಜನ್ನು ದಾಟಿ ಹೋದಂತೆ.

ಪ್ರೀ-ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ಕೇಳುವುದಾದರೆ

ಮೇಲ್‌ಗೆ ಹೊತ್ತಿಲ್ಲದಿದ್ದಾಗ ಇದೊಂದೇ ದಾರಿ ಉಳಿಯಬಹುದು. ಇಡೀ ಸಭಾಂಗಣದ ಎದುರು ಮೈಕ್ ಹಿಡಿದು ಕೇಳಬೇಡಿ. ಇನ್ನೂರು ಜನರ ಮುಂದೆ ರಿಕ್ರೂಟರ್ ಒಂದು ಸಡಿಲಿಕೆ ಹೇಳಿದರೆ ಅದು ಎಲ್ಲರಿಗೂ ಕೊಟ್ಟ ಮಾತಾಗುತ್ತದೆ, ಹಾಗಾಗಿ ಅವರು ನೋಟಿಸ್‌ನ ಸಾಲನ್ನೇ ಓದುತ್ತಾರೆ. ಒಮ್ಮೆ ಎಲ್ಲರೆದುರು ಇಲ್ಲ ಎಂದ ಮೇಲೆ ಖಾಸಗಿಯಾಗಿ ಹೌದು ಎನ್ನುವುದೂ ಅವರಿಗೆ ಕಷ್ಟ. ಟಾಕ್ ಮುಗಿದು ಅವರು ಲ್ಯಾಪ್‌ಟಾಪ್ ಮಡಚುವ ಹೊತ್ತಿಗೆ, ಆಫೀಸರ್ ಪಕ್ಕದಲ್ಲಿರುವಾಗಲೇ ಹೋಗಿ.

'ಮೇಡಂ, ಒಂದು ನಿಮಿಷ. ಬ್ಯಾಕ್‌ಲಾಗ್ ಷರತ್ತು ಇಂಟರ್‌ವ್ಯೂ ದಿನಕ್ಕಾ, ಜಾಯ್ನಿಂಗ್ ದಿನಕ್ಕಾ?'

'ನಿಮಗೆ ಎಷ್ಟಿದೆ?'

'ಇವತ್ತಿಗೆ ಎರಡು. ಒಂದರ ರಿಸಲ್ಟ್ ಬರಬೇಕು, ಇನ್ನೊಂದು ಏಳನೇ ಸೆಮ್ ಜೊತೆ ಬರೀತೀನಿ.'

'ಸದ್ಯಕ್ಕೆ ಅಪ್ಲೈ ಮಾಡಿ, ಇಂಟರ್‌ವ್ಯೂ ಹೊತ್ತಿಗೆ ಒಂದಕ್ಕಿಂತ ಜಾಸ್ತಿ ಇರಬಾರದು.'

'ಥ್ಯಾಂಕ್ಸ್ ಮೇಡಂ. ಇದನ್ನೇ ಮೇಲ್ ಹಾಕ್ತೀನಿ, ಒಂದು ಕನ್ಫರ್ಮೇಶನ್ ಕೊಡಿ ಅಷ್ಟೇ.'

ಕೊನೆಯ ಸಾಲು ಬಿಟ್ಟರೆ ಉಳಿದದ್ದೆಲ್ಲ ಗಾಳಿಗೆ. ಆ ರಿಕ್ರೂಟರ್ ಮುಂದಿನ ವಾರ ಇನ್ನೊಂದು ಕಾಲೇಜಿನಲ್ಲಿರುತ್ತಾರೆ, ಇಂಟರ್‌ವ್ಯೂ ದಿನ ಬರುವವರು ಬೇರೆಯವರಿರಬಹುದು. ಅದೇ ಸಂಜೆ, ಅವರು ಹೇಳಿದ ಮಾತನ್ನೇ ಬರೆದು, ಆಫೀಸರ್ ಸಿಸಿಯಲ್ಲಿರುವಂತೆ ಮೇಲ್ ಕಳಿಸಿ. 'ಓಕೆ' ಎಂಬ ಒಂದು ಪದದ ಉತ್ತರವೂ ಸಾಕು.

ಬಂದ ಉತ್ತರದ ಮೇಲೆ

'ಸೇರುವ ದಿನಕ್ಕೆ' ಎಂದು ಬಂದರೆ ಆ ಮೇಲನ್ನು ಆಫೀಸರ್‌ಗೆ ತೋರಿಸಿ, ಎಕ್ಸೆಲ್ ಹಾಳೆಯಿಂದ ನಿಮ್ಮ ಹೆಸರು ಪಟ್ಟಿಗೆ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಂಪನಿಯ ಪೋರ್ಟಲ್‌ನಲ್ಲಿ ಬಾಕಿಯ ಕಾಲಂ ಇರುತ್ತದೆ. ಅಲ್ಲಿ ಎರಡು ಎಂದು ಹಾಕಿದ ಕೂಡಲೇ 'ನಾಟ್ ಎಲಿಜಿಬಲ್' ಎಂದು ಬಂದರೆ ಗಾಬರಿಯಾಗಿ ಸೊನ್ನೆ ಹಾಕಬೇಡಿ. ಪೋರ್ಟಲ್‌ಗೆ ಷರತ್ತನ್ನು ಮೊದಲೇ ತುಂಬಿಸಿರುತ್ತಾರೆ, ರಿಕ್ರೂಟರ್ ಮೇಲ್‌ನಲ್ಲಿ ಹೇಳಿದ್ದು ಅದಕ್ಕೆ ಗೊತ್ತಿಲ್ಲ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅದೇ ಮೇಲ್ ಸರಣಿಯಲ್ಲಿ ಕಳಿಸಿ, ಅವರ ಕಡೆಯಿಂದ ಹೆಸರು ಸೇರಿಸಲು ಕೇಳಿ.

ಸೊನ್ನೆ ಹಾಕುವುದರ ಅಪಾಯ ಏನೆಂದು ಬಿಡಿಸಿ ಹೇಳಬೇಕು, ಏಕೆಂದರೆ 'ಯಾರೂ ನೋಡುವುದಿಲ್ಲ' ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಗಟ್ಟಿಯಾಗಿ ಓಡಾಡುತ್ತದೆ. ಟೆಸ್ಟ್ ಹೊತ್ತಿಗೆ ಯಾರೂ ನೋಡದೆ ಇರಬಹುದು. ಆದರೆ ಆಫರ್ ಬಂದ ಮೇಲೆ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ, ಸೇರಿದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ನಡೆಯುತ್ತದೆ. ಪಾಸಾದ ಪರೀಕ್ಷೆಯ ತಿಂಗಳು, ವರ್ಷ ಮಾರ್ಕ್ಸ್ ಕಾರ್ಡ್‌ನಲ್ಲೇ ಇರುತ್ತದೆ. ನಾಲ್ಕನೇ ಸೆಮಿಸ್ಟರ್‌ನ ವಿಷಯ ನೀವು ಸೊನ್ನೆ ಎಂದು ಬರೆದ ದಿನದ ನಂತರ ಪಾಸಾಗಿದೆ ಎಂದು ಅಲ್ಲಿ ಕಂಡರೆ ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದಂತೆ. ಆ ಹೊತ್ತಿಗೆ ಎಲ್ಲ ಪೇಪರ್ ಪಾಸಾಗಿದ್ದರೂ ಆಫರ್ ರದ್ದು ಮಾಡಲು ಅಷ್ಟೇ ಸಾಕು. ನಿಜ ಹೇಳಿದ್ದರೆ ಉಳಿಯಬಹುದಾಗಿದ್ದ ಕೆಲಸ ಹೀಗೆ ಹೋಗುವುದು ನೋವಿನ ಸಂಗತಿ.

'ಇಂಟರ್‌ವ್ಯೂ ದಿನ ಒಂದು ಇರಬಹುದು' ಎಂದು ಬಂದರೆ ನಮ್ಮ ವಿದ್ಯಾರ್ಥಿನಿಯ ಮಟ್ಟಿಗೆ ಎಲ್ಲ ನಾಲ್ಕನೇ ಸೆಮಿಸ್ಟರ್ ಫಲಿತಾಂಶದ ಮೇಲೆ ನಿಂತಿದೆ. ಬಂದು ಪಾಸಾಗಿದ್ದರೆ ಅದೇ ದಿನ ಪ್ರತಿ ಕಳಿಸಬೇಕು. ಮೂರು ವಾರದಲ್ಲಿ ಬಾರದಿದ್ದರೆ ಇಂಟರ್‌ವ್ಯೂಗೆ ಎರಡು ದಿನ ಮೊದಲು ಬರೆಯಬೇಕು: ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ, ನನ್ನ ಸ್ಥಿತಿ ಇಂದಿಗೂ ಎರಡು, ಬರಲೇ ಬೇಡವೇ? ವಿಶ್ವವಿದ್ಯಾಲಯದ ಫಲಿತಾಂಶ ತಡವಾದಾಗ ಕಂಪನಿಗಳು ಕಾಯುವುದುಂಟು, ಏಕೆಂದರೆ ಆ ಸಮಸ್ಯೆ ಒಬ್ಬರದ್ದಲ್ಲ, ಇಡೀ ಬ್ಯಾಚಿನದ್ದು. ಕೇಳದೆ ಹೋಗಿ ದಾಖಲೆ ಪರಿಶೀಲನೆಯ ಮೇಜಿನಿಂದ ವಾಪಸ್ ಬರುವುದಕ್ಕಿಂತ ಇದು ವಾಸಿ.

'ಇಲ್ಲ' ಎಂದು ಬಂದರೆ ವಾದಕ್ಕೆ ಇಳಿಯಬೇಡಿ. ಒಂದೇ ಒಂದು ಮರುಪ್ರಶ್ನೆ ನ್ಯಾಯವಾದದ್ದು: ಪಟ್ಟಿ ಅಂತಿಮವಾಗುವ ಮೊದಲು ಫಲಿತಾಂಶ ಬಂದು ಷರತ್ತು ಪೂರೈಸಿದರೆ ಹೆಸರು ಸೇರಿಸಬಹುದೇ? ಅದಕ್ಕೂ ಇಲ್ಲ ಎಂದರೆ ಧನ್ಯವಾದ ಹೇಳಿ, ಆಫೀಸರ್‌ಗೆ ತಿಳಿಸಿ, ಅಲ್ಲಿಗೆ ಬಿಡಿ. ಅದೇ ಕಂಪನಿ ಎಂಟನೇ ಸೆಮಿಸ್ಟರ್‌ನಲ್ಲಿ ಉಳಿದ ಹುದ್ದೆಗಳಿಗೆ ಮತ್ತೆ ಬರಬಹುದು, ಆಗ ಆಫೀಸರ್‌ಗೆ ನಿಮ್ಮ ಹೆಸರು ನೆನಪಿರುತ್ತದೆ.

ಡ್ರೈವ್ ದಿನ, ಮತ್ತು ಆಮೇಲೆ

ರಿಕ್ರೂಟರ್ ಮೇಲ್‌ನ ಪ್ರಿಂಟ್, ಇತ್ತೀಚಿನ ಫಲಿತಾಂಶದ ಪುಟದ ಪ್ರಿಂಟ್, ಬಾಕಿ ಪೇಪರ್‌ಗೆ ಪರೀಕ್ಷಾ ಶುಲ್ಕ ಕಟ್ಟಿದ ಅಥವಾ ರೀವ್ಯಾಲ್ಯೂಯೇಶನ್‌ಗೆ ಹಾಕಿದ ರಸೀದಿ, ಈವರೆಗಿನ ಮಾರ್ಕ್ಸ್ ಕಾರ್ಡ್‌ಗಳ ಪ್ರತಿ ಒಂದೇ ಫೈಲಿನಲ್ಲಿರಲಿ. ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವರಿಗೆ ನಿಮ್ಮ ಮೇಲ್ ವಿಷಯ ಗೊತ್ತಿರುವುದಿಲ್ಲ. ಪ್ರಿಂಟ್ ತೋರಿಸಿದರೆ ಮಾತು ಅಲ್ಲೇ ಮುಗಿಯುತ್ತದೆ. ಮೊಬೈಲ್ ಹೊರಗಿಡಲು ಹೇಳುವ ಕಡೆಗಳಲ್ಲಿ ಪರದೆಯ ಮೇಲಿನ ಮೇಲ್ ಕೆಲಸಕ್ಕೆ ಬರುವುದಿಲ್ಲ.

ಆಯ್ಕೆಯಾದರೆ ಆಫರ್ ಲೆಟರ್ ಅಥವಾ ಲೆಟರ್ ಆಫ್ ಇಂಟೆಂಟ್‌ನಲ್ಲಿ ಬ್ಯಾಕ್‌ಲಾಗ್ ಷರತ್ತು ಎಲ್ಲಿದೆ ಎಂದು ಹುಡುಕಿ ಓದಿ. 'ಸೇರುವ ದಿನಕ್ಕೆ' ಎನ್ನುವುದಕ್ಕೂ 'ಕೋರ್ಸಿನ ನಿಗದಿತ ಅವಧಿಯೊಳಗೆ' ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸೇರುವ ದಿನಾಂಕ ಮುಂದೆ ಹೋದರೆ ನಿಮಗೆ ಇನ್ನೊಂದು ಪರೀಕ್ಷೆಯ ಅವಕಾಶ ಸಿಗಬಹುದು. ಎರಡನೆಯದರಲ್ಲಿ ಎಂಟನೇ ಸೆಮಿಸ್ಟರ್ ಪರೀಕ್ಷೆಯೇ ಕೊನೆಯ ಗಡಿ, ಸೇರುವುದು ಆರು ತಿಂಗಳು ತಡವಾದರೂ ಅದು ಬದಲಾಗುವುದಿಲ್ಲ. ಲೆಟರ್‌ನ ಸಾಲು ರಿಕ್ರೂಟರ್ ಮೇಲ್‌ಗಿಂತ ಬಿಗಿಯಾಗಿದ್ದರೆ ಸಹಿ ಮಾಡುವ ಮೊದಲೇ ಹಳೆಯ ಮೇಲ್ ಲಗತ್ತಿಸಿ ಕೇಳಿ. ಸಹಿ ಬಿದ್ದ ಮೇಲೆ ನಡೆಯುವುದು ಲೆಟರ್‌ನ ಮಾತೇ.

ಪ್ರತಿ ಬಾಕಿ ತೀರಿದಾಗಲೂ, ಯಾರೂ ಕೇಳದಿದ್ದರೂ, ಅದೇ ಮೇಲ್ ಸರಣಿಯಲ್ಲಿ ಫಲಿತಾಂಶದ ಪ್ರತಿ ಕಳಿಸುತ್ತಿರಿ. ಯಾವುದಾದರೂ ಪೇಪರ್ ಮತ್ತೆ ಫೇಲಾದರೆ ಅದನ್ನೂ ಆ ವಾರವೇ ಆಫೀಸರ್‌ಗೆ ಮತ್ತು ರಿಕ್ರೂಟರ್‌ಗೆ ತಿಳಿಸಿ, ಮುಂದಿನ ಪರೀಕ್ಷೆ ಯಾವಾಗ ಎಂದು ಬರೆದು, ಸೇರುವ ದಿನಾಂಕವನ್ನು ನಂತರದ ಬ್ಯಾಚ್‌ಗೆ ಹಾಕಲು ಸಾಧ್ಯವೇ ಎಂದು ಕೇಳಿ. ಹೊಸಬರನ್ನು ಹಲವು ಬ್ಯಾಚ್‌ಗಳಲ್ಲಿ ಸೇರಿಸಿಕೊಳ್ಳುವ ಕಂಪನಿಗಳಲ್ಲಿ ಹೀಗೆ ಮುಂದೂಡಲು ದಾರಿ ಇರಬಹುದು, ಆದರೆ ಸೇರುವ ದಿನ ಬೆಳಿಗ್ಗೆ ಹೇಳಿದರೆ ಆ ದಾರಿಯೂ ಮುಚ್ಚಿರುತ್ತದೆ.